ಬಾಕಿ ಬಿಲ್ಲಿಗೊಂದು ನೆನಪೋಲೆ

ಸರ್ಕಾರಿ ಕಚೇರಿಗೆ ಮಾಲು ಕೊಟ್ಟವರ ಬಿಲ್ ಬಾಕಿ ಉಳಿಯುವುದು ಹೊಸ ಸುದ್ದಿಯೇನಲ್ಲ. ಹೋಗಿ ಬೆಂಚಿನ ಮೇಲೆ ಕೂತು, ‘ಮುಂದಿನ ವಾರ ಬರ್ರಿ’ ಅನ್ನಿಸಿಕೊಂಡು ಬರುವುದೂ ಎಲ್ಲರಿಗೂ ಗೊತ್ತಿದ್ದದ್ದೇ. ಆ ಓಡಾಟದ ಕಥೆ ಬಿಟ್ಟು, ನಾನು ಬರೆದ ಕಾಗದಗಳ ಬಗ್ಗೆ ಮಾತ್ರ ಹೇಳುತ್ತೇನೆ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಸಿಗುತ್ತದೆ, ಕಡತ ಮಾತ್ರ ಇದ್ದಲ್ಲೇ ಇರುತ್ತದೆ. ಕಾಗದ ಒಳಗೆ ಹೋದರೆ ಯಾರಾದರೊಬ್ಬರು ಆ ಕಡತ ಎತ್ತಲೇಬೇಕು.

ನನ್ನದು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಶೆಡ್. ಕಬ್ಬಿಣದ ಬೀರು, ರ್‍ಯಾಕ್, ಮೇಜು ಮಾಡುತ್ತೇವೆ. 2022ರ ಡಿಸೆಂಬರ್‌ನಲ್ಲಿ ಚಿತ್ರದುರ್ಗದ ಒಂದು ಜಿಲ್ಲಾ ಕಚೇರಿಯಿಂದ ವರ್ಕ್ ಆರ್ಡರ್ ಬಂತು. ಹಳೆಯ ಕಡತ ಜೋಡಿಸಿಡಲು 48 ಸ್ಲಾಟೆಡ್ ಆಂಗಲ್ ರ್‍ಯಾಕ್ ಬೇಕಿತ್ತು. ಜಿಲ್ಲೆಯ ಆರೂ ತಾಲ್ಲೂಕು ಕಚೇರಿಗೆ ಎಂಟೆಂಟು ರ್‍ಯಾಕ್ ಇಳಿಸಿ ಜೋಡಿಸಿಕೊಡಬೇಕು, ಗಡುವು 30 ದಿನ. ರ್‍ಯಾಕ್ ಒಂದಕ್ಕೆ 8,500 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಂದು ತಾಲ್ಲೂಕಿನ ಲೋಡು ತೆರಿಗೆ ಸೇರಿ 80,240, ಒಟ್ಟು 4,81,440 ರೂಪಾಯಿ. ಡಿಸೆಂಬರ್ 20ರ ಆದೇಶ, ಕೊನೆಯ ಲೋಡು ಮೊಳಕಾಲ್ಮೂರಿನಲ್ಲಿ ಇಳಿದದ್ದು ಜನವರಿ 17ಕ್ಕೆ. ತಾಲ್ಲೂಕಿಗೊಂದರಂತೆ ಆರು ಇನ್‌ವಾಯ್ಸ್, ಆರು ಚಲನ್, ಎಲ್ಲದರ ಮೇಲೊಂದು ಕ್ರೋಢೀಕೃತ ಬಿಲ್ ಇಟ್ಟು ಜನವರಿ 20ಕ್ಕೆ ಜಿಲ್ಲಾ ಕಚೇರಿಯ ಟಪಾಲಿನಲ್ಲಿ ಕೊಟ್ಟೆವು.

ಮಾರ್ಚ್ ಒಳಗೆ ಬಿಲ್ ಆಗುತ್ತದೆ ಅಂದಿದ್ದರು, ಆಗಲಿಲ್ಲ. ಮಾರ್ಚ್ 31 ದಾಟಿದರೆ ಆ ವರ್ಷದ ಅನುದಾನ ವ್ಯಪಗತವಾಗುತ್ತದೆ. ನಮ್ಮ ಬಿಲ್ ಹಿಂದಿನ ಸಾಲಿನ ಬಾಕಿ ಎಂಬ ಸಾಲಿಗೆ ಸೇರಿ, ಹೊಸ ವರ್ಷದ ಅನುದಾನಕ್ಕೆ ಕಾಯಬೇಕು. ಅಷ್ಟರಲ್ಲಿ ವಿಧಾನಸಭೆ ಚುನಾವಣೆ ಘೋಷಣೆಯಾಯಿತು. ಮಾರ್ಚ್ 29ರಿಂದ ಮೇ ತಿಂಗಳವರೆಗೆ ಎಲ್ಲಿ ಕೇಳಿದರೂ ‘ನೀತಿ ಸಂಹಿತೆ ಐತಲ್ರೀ’ ಎಂಬ ಒಂದೇ ಉತ್ತರ. ಮುಗಿದ ಕೆಲಸಕ್ಕೆ ಹಣ ಕೊಡಲು ನೀತಿ ಸಂಹಿತೆ ಅಡ್ಡಿ ಮಾಡುವುದಿಲ್ಲ. ಅಧಿಕಾರಿಗೆ ಕೆಲಸ ಸರಿಯಾಗಿದೆ ಎಂದು ಮನವರಿಕೆಯಾದರೆ ಸಾಕು. ಆದರೆ ಎಲೆಕ್ಷನ್ ಡ್ಯೂಟಿಯಲ್ಲಿರುವ ಮನುಷ್ಯನ ಹತ್ತಿರ ಇದನ್ನು ವಾದಿಸಿ ಗೆದ್ದು ಏನು ಮಾಡುವುದು? ಚುನಾವಣೆ ಮುಗಿದ ಮೇಲೆ ವರ್ಗಾವಣೆಗಳಾದವು. ಆದೇಶಕ್ಕೆ ಸಹಿ ಹಾಕಿದ ಅಧಿಕಾರಿಯೂ ಹೋದರು, ಕಡತ ನೋಡುತ್ತಿದ್ದ ವಿಷಯ ನಿರ್ವಾಹಕರೂ ಬೇರೆ ಶಾಖೆಗೆ ಹೋದರು.

ನೆನಪೋಲೆ ಬರೆಯಬೇಕು ಅನ್ನಿಸಿದ್ದು ಆಗಲೇ. ನಮ್ಮ ವಿಷಯ ಗೊತ್ತಿದ್ದವರು ಯಾರೂ ಆ ಕಚೇರಿಯಲ್ಲಿ ಉಳಿದಿರಲಿಲ್ಲ. ರ್‍ಯಾಕ್ ಯಾರು ಕೊಟ್ಟರು, ಯಾಕೆ ಕೊಟ್ಟರು, ಎಷ್ಟು ಬಾಕಿ ಎಂಬುದು ಏನೂ ಗೊತ್ತಿಲ್ಲದ ಹೊಸಬರು ಓದಿದರೂ, ಪಕ್ಕದ ಬೀರುವಿನಿಂದ ನಮ್ಮ ಕಡತ ತೆಗೆದು ಟಿಪ್ಪಣಿ ಬರೆಯಲು ಸಾಧ್ಯವಾಗಬೇಕು. ಹಾಗೆ ಯೋಚಿಸಿ ಬರೆದ ಪತ್ರದ ಮುಖ್ಯ ಭಾಗ ಇದು:

ವಿಷಯ: ಜಿಲ್ಲೆಯ 6 ತಾಲ್ಲೂಕು ಕಚೇರಿಗಳಿಗೆ 48 ಉಕ್ಕಿನ ರ್‍ಯಾಕ್‌ಗಳನ್ನು ಸರಬರಾಜು ಮಾಡಿದ ಬಾಬ್ತು ರೂ. 4,81,440ರ ಬಿಲ್ ಪಾವತಿ ಬಾಕಿ ಇರುವ ಬಗ್ಗೆ – ನೆನಪೋಲೆ 1.

ಉಲ್ಲೇಖ: 1. ತಮ್ಮ ಕಚೇರಿಯ ಕಾರ್ಯಾದೇಶ ಸಂಖ್ಯೆ (ಇಲ್ಲಿ ಪೂರ್ತಿ ಸಂಖ್ಯೆ), ದಿನಾಂಕ 20-12-2022. 2. ನಮ್ಮ ಬಿಲ್ ದಿನಾಂಕ 20-01-2023, ತಮ್ಮ ಕಚೇರಿಯ ಆವಕ ಸಂಖ್ಯೆ (ಇಲ್ಲಿ ಸಂಖ್ಯೆ), ಅದೇ ದಿನಾಂಕ.

ಮಾನ್ಯರೇ,

ಉಲ್ಲೇಖ 1ರ ಕಾರ್ಯಾದೇಶದನ್ವಯ 48 ರ್‍ಯಾಕ್‌ಗಳನ್ನು ನಿಗದಿತ 30 ದಿನಗಳ ಅವಧಿಯೊಳಗೆ, ದಿನಾಂಕ 17-01-2023ಕ್ಕೆ ಪೂರ್ಣವಾಗಿ ಸರಬರಾಜು ಮಾಡಿ ಅಳವಡಿಸಿರುತ್ತೇವೆ. ತಾಲ್ಲೂಕುವಾರು ವಿವರ ಮತ್ತು ಸ್ವೀಕೃತಿ ಚಲನ್‌ಗಳ ಪ್ರತಿಗಳನ್ನು ಲಗತ್ತಿಸಿದೆ. ಸಾಮಗ್ರಿಯ ಸಂಖ್ಯೆ ಅಥವಾ ಗುಣಮಟ್ಟದ ಬಗ್ಗೆ ತಮ್ಮಿಂದ ಈವರೆಗೆ ಯಾವುದೇ ಲಿಖಿತ ಆಕ್ಷೇಪಣೆ ಬಂದಿರುವುದಿಲ್ಲ. ಉಲ್ಲೇಖ 2ರಂತೆ ಬಿಲ್ ಸಲ್ಲಿಸಿದ್ದು, ಮೊತ್ತವು ಈವರೆಗೆ ನಮ್ಮ ಖಾತೆಗೆ ಜಮೆಯಾಗಿರುವುದಿಲ್ಲ.

ಆದ್ದರಿಂದ ಸದರಿ ಮೊತ್ತವನ್ನು 2023-24ನೇ ಸಾಲಿನ ಅನುದಾನದಲ್ಲಿ ಪಾವತಿಸಲು ಕೋರುತ್ತೇವೆ. ದಾಖಲೆಯ ಕೊರತೆ ಅಥವಾ ಅನುದಾನದ ಕೊರತೆಯಿಂದ ಬಾಕಿ ಉಳಿದಿದ್ದಲ್ಲಿ, ಯಾವ ಕಾರಣಕ್ಕೆಂದು ಲಿಖಿತವಾಗಿ ತಿಳಿಸಲು ವಿನಂತಿಸುತ್ತೇವೆ.

ಪತ್ರ ಇಷ್ಟೇ. ಒಂದು ಪುಟ ದಾಟಲಿಲ್ಲ. ನಮ್ಮ ಕಷ್ಟ, ಬ್ಯಾಂಕಿನ ಬಡ್ಡಿ, ಕೆಲಸಗಾರರ ಸಂಬಳ ಯಾವುದನ್ನೂ ಹಾಕಲಿಲ್ಲ. ಕಷ್ಟ ಇರಲಿಲ್ಲ ಅಂತಲ್ಲ. ಜನವರಿಯ ಇನ್‌ವಾಯ್ಸ್‌ಗಳ ತೆರಿಗೆಯನ್ನು ಫೆಬ್ರವರಿ 20ರೊಳಗೆ ನಾವು ಸರ್ಕಾರಕ್ಕೆ ತುಂಬಿಯಾಗಿತ್ತು. ಹಣ ಬಂದಿಲ್ಲ ಅಂದರೆ ಜಿಎಸ್‌ಟಿಯವರು ಕೇಳುವುದಿಲ್ಲ, ಇನ್‌ವಾಯ್ಸ್ ಹರಿದ ತಿಂಗಳಿಗೇ ತೆರಿಗೆ. ಆದರೆ ಇದನ್ನೆಲ್ಲ ಓದಿ ವಿಷಯ ನಿರ್ವಾಹಕರು ಟಿಪ್ಪಣಿಯಲ್ಲಿ ಏನಂತ ಬರೆದಾರು? ಅವರಿಗೆ ಬೇಕಾದದ್ದು ಆದೇಶ ಸಂಖ್ಯೆ, ಆವಕ ಸಂಖ್ಯೆ, ಮೊತ್ತ.

ಇವುಗಳಲ್ಲಿ ಆವಕ ಸಂಖ್ಯೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿಲ್ ಕೊಟ್ಟ ದಿನ ನಮ್ಮ ಪ್ರತಿಯ ಮೇಲೆ ಬಿದ್ದ ಸೀಲು, ಅದರೊಳಗೆ ಪೆನ್ನಿನಲ್ಲಿ ಬರೆದ ಸಂಖ್ಯೆ ಇದ್ದರೆ ‘ನಿಮ್ಮ ಬಿಲ್ಲೇ ಬಂದಿಲ್ರೀ’ ಎಂಬ ಮಾತಿಗೆ ಜಾಗವೇ ಇರುವುದಿಲ್ಲ. ಆವಕ ವಹಿಯಲ್ಲಿ ಆ ಸಂಖ್ಯೆಯ ಮುಂದೆ ಕಾಗದ ಯಾವ ಶಾಖೆಗೆ ಹೋಯಿತು ಎಂದೂ ಬರೆದಿರುತ್ತದೆ. ಹೀಗಾಗಿ ಕಡತ ಹುಡುಕುವ ಕೆಲಸದಲ್ಲಿ ಅರ್ಧದಷ್ಟನ್ನು ಆ ಒಂದು ಸಂಖ್ಯೆಯೇ ಮಾಡಿಕೊಡುತ್ತದೆ. ನೆನಪೋಲೆ ಕೊಡುವಾಗಲೂ ಸೀಲಿಗೇ ನಿಂತೆ. ಟಪಾಲು ಮೇಜಿನಲ್ಲಿದ್ದವರು, ‘ಸಾಹೇಬ್ರು ನೋಡ್ಲಿ ತಡೀರಿ, ಆಮೇಲೆ ಹಾಕ್ಕೊಡ್ತೀನಿ’ ಅಂದರು. ‘ಸಾಹೇಬ್ರು ಒಳಗಿಂದು ನೋಡ್ತಾರೆ ಅಣ್ಣ, ನೀವು ಬಂತು ಅಂತ ಅಷ್ಟೇ ಹಾಕ್ರಿ’ ಅಂದೆ. ನಕ್ಕು ಹಾಕಿಕೊಟ್ಟರು. ಹಾಕದಿದ್ದರೆ ಕಳಿಸೋಣ ಎಂದು ಇನ್ನೊಂದು ಪ್ರತಿಯನ್ನು ವಿಳಾಸ ಬರೆದ ಲಕೋಟೆಯಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಸ್ಪೀಡ್ ಪೋಸ್ಟ್ ಮಾಡಿದರೆ ತಲುಪಿದ ದಿನಾಂಕಕ್ಕೆ ಅದೇ ದಾಖಲೆ.

ವಿಳಾಸದಲ್ಲಿ ಅಧಿಕಾರಿಯ ಹೆಸರು ಹಾಕಲಿಲ್ಲ, ಹುದ್ದೆ ಮಾತ್ರ ಹಾಕಿದೆ. ಹೆಸರು ಹಾಕಿದ ಕಾಗದ ಅವರು ವರ್ಗವಾದರೆ ಅನಾಥವಾಗುತ್ತದೆ. ಮೇಲಧಿಕಾರಿಗೆ ಪ್ರತಿಯನ್ನೂ ಈ ಸಲ ಕಳಿಸಲಿಲ್ಲ. ಮೊದಲ ಕಾಗದದಲ್ಲೇ ಮೇಲಿನವರಿಗೆ ಪ್ರತಿ ಹೋದರೆ ಕೆಳಗಿನವರು ಬಿಲ್ ಮಾಡುವುದು ಬಿಟ್ಟು, ತಪ್ಪು ತಮ್ಮದಲ್ಲ ಎಂದು ತೋರಿಸುವ ಕಾಗದ ತಯಾರಿಸುತ್ತಾರೆ. ಇದು ನನ್ನ ಅಭಿಪ್ರಾಯ, ಎಲ್ಲರೂ ಒಪ್ಪಬೇಕೆಂದಿಲ್ಲ.

ಜೂನ್ 12ಕ್ಕೆ ಕೊಟ್ಟ ಆ ಕಾಗದಕ್ಕೆ ಬರಹದಲ್ಲಿ ಉತ್ತರ ಬರಲಿಲ್ಲ. ಆದರೆ ಕಡತ ಮೇಲೆ ಬಂತು. ಹೊಸದಾಗಿ ಆ ಶಾಖೆಗೆ ಬಂದಿದ್ದ ಮೇಡಂ ಫೋನು ಮಾಡಿದರು. ‘ನೋಡ್ರಿ, ಐದು ತಾಲ್ಲೂಕಿಂದು ಸರಿ ಐತಿ. ಮೊಳಕಾಲ್ಮೂರಿಂದು ಚಲನ್ ಮ್ಯಾಲೆ ಸೀಲು ಸಹಿ ಐತಿ, ದಾಸ್ತಾನು ವಹಿ ಪುಟಾನೇ ಇಲ್ಲ. ಹಂಗಿದ್ರೆ ನಾನು ಬಿಲ್ ಹೆಂಗ್ ಇಡ್ಲಿ?’

ಹೊರಗಿನವರಿಗೆ ಇದು ಸಣ್ಣ ವಿಷಯವಾಗಿ ಕಾಣಬಹುದು. ಕಚೇರಿಗೆ ಸಾಮಾನು ಬಂದರೆ ಅದನ್ನು ದಾಸ್ತಾನು ವಹಿಯಲ್ಲಿ ಏರಿಸಬೇಕು, ಯಾವ ಪುಟ, ಯಾವ ಕ್ರಮಸಂಖ್ಯೆ ಎಂದು ಬಿಲ್ಲಿನ ಹಿಂದೆ ಬರೆದು ಸಹಿ ಮಾಡಬೇಕು. ‘ಮೇಲ್ಕಂಡ ಸಾಮಗ್ರಿಗಳನ್ನು ಉತ್ತಮ ಸ್ಥಿತಿಯಲ್ಲಿ ಸ್ವೀಕರಿಸಿ ದಾಸ್ತಾನು ವಹಿಯ ಪುಟ ಇಂಥದ್ದರಲ್ಲಿ ದಾಖಲಿಸಲಾಗಿದೆ’ ಎಂಬ ಆ ಒಂದು ಸಾಲು ಇಲ್ಲದ ಬಿಲ್ಲಿಗೆ ಸಹಿ ಹಾಕಿದರೆ, ನಾಳೆ ಆಡಿಟ್‌ನವರು ಹಿಡಿಯುವುದು ಸಹಿ ಹಾಕಿದವರನ್ನೇ. ಹಾಗಾಗಿ ಯಾರೂ ಬಿಲ್ ತಿರಸ್ಕರಿಸುವುದಿಲ್ಲ, ಮುಂದಕ್ಕೂ ಕಳಿಸುವುದಿಲ್ಲ. ಹೋದವರಿಗೆ ‘ಅನುದಾನ ಇಲ್ಲ’ ಎಂದು ಹೇಳಿಬಿಡುವುದು ಸುಲಭ. ಅನುದಾನ ಇಲ್ಲದ ಮಾತೂ ನಿಜವೇ ಇರಬಹುದು. ಆದರೆ ಅನುದಾನ ಬಂದ ದಿನ ಮೊದಲು ಹೋಗುವುದು ಪೂರ್ತಿ ದಾಖಲೆ ಇರುವ ಬಿಲ್ಲುಗಳೇ.

ಮೊಳಕಾಲ್ಮೂರಿನಲ್ಲಿ ಆಗಿದ್ದೇನೆಂದರೆ, ಗಾಡಿ ಮುಟ್ಟಿದ್ದು ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ. ವಹಿ ಬೀರುವಿನಲ್ಲಿತ್ತು, ಬೀರುವಿನ ಕೀ ಇದ್ದವರು ಆಗಲೇ ಹೊರಟಿದ್ದರು. ಇದ್ದ ನೌಕರರು ರ್‍ಯಾಕ್ ಎಣಿಸಿ ಚಲನ್ ಮೇಲೆ ಸೀಲು ಒತ್ತಿ ಸಹಿ ಮಾಡಿಕೊಟ್ಟಿದ್ದರು. ನಾನು ಈಗ ಹೋದಾಗ ರ್‍ಯಾಕ್‌ಗಳ ತುಂಬ ಕೆಂಪು ದಾರ ಕಟ್ಟಿದ ಕಡತಗಳು ಏರಿ ಕೂತಿದ್ದವು, ವಹಿಯಲ್ಲಿ ಮಾತ್ರ ಅವು ಇರಲೇ ಇಲ್ಲ. ಅಲ್ಲಿನ ಗುಮಾಸ್ತರು ಚಲನ್ ನೋಡಿ, ರ್‍ಯಾಕ್ ಎಣಿಸಿ, ವಹಿಯಲ್ಲಿ ಏರಿಸಿದರು. ಏರಿಸಿದ್ದು ಜುಲೈ ತಿಂಗಳ ದಿನಾಂಕದಲ್ಲಿ, ಸಾಮಗ್ರಿ ಬಂದದ್ದು 17-01-2023 ಎಂದು ಷರಾ ಬರೆದರು. ‘ಜನವರಿ ದಿನಾಂಕನೇ ಹಾಕಿಬಿಡ್ಲೇನ್ರಿ?’ ಎಂದು ಅವರೇ ಕೇಳಿದ್ದರು. ಬೇಡ ಅಂದೆ. ನಡುವೆ ಬೇರೆ ಸಾಮಾನುಗಳು ಏರಿರುವ ವಹಿಯಲ್ಲಿ ಹಿಂದಿನ ದಿನಾಂಕ ಬರೆದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದು ಕೊರತೆ ತುಂಬಲು ಹೋಗಿ ಸರಿಯಿದ್ದ ಬಿಲ್ಲಿಗೂ ಅನುಮಾನ ತಂದುಕೊಂಡಂತಾಗುತ್ತಿತ್ತು. ರ್‍ಯಾಕ್ ಜನವರಿಯಲ್ಲೇ ಬಂದದ್ದಕ್ಕೆ ಚಲನ್ ಇತ್ತು, ಜೊತೆಗೆ ಇ-ವೇ ಬಿಲ್ ಇತ್ತು. ಲೋಡಿನ ಬೆಲೆ 50,000 ದಾಟಿದ್ದರಿಂದ ಅದನ್ನು ಆಗಲೇ ತೆಗೆದಿದ್ದೆವು. ಗಾಡಿ ನಂಬರ್, ದಿನಾಂಕ ಎಲ್ಲ ಅದರಲ್ಲಿರುತ್ತದೆ.

ರೇಷ್ಮೆ ಸೀರೆಯ ಊರಾದ ಮೊಳಕಾಲ್ಮೂರಿಗೆ ಹೋಗಿ ಬರೀ ದೃಢೀಕರಣದ ಹಾಳೆ ತಂದದ್ದಕ್ಕೆ ಮನೆಯಲ್ಲಿ ಮಾತು ಕೇಳಬೇಕಾಯಿತು. ಬಿಲ್ಲಿನ ಹಣ ಬಂದ ಮೇಲೆ ಸೀರೆ ಎಂದು ಹೇಳಿದೆ.

ಎರಡನೆಯ ನೆನಪೋಲೆ ಜುಲೈ 17ರದ್ದು. ಉಲ್ಲೇಖದಲ್ಲಿ ಮೊದಲಿನ ನೆನಪೋಲೆಯ ಆವಕ ಸಂಖ್ಯೆ ಸೇರಿತು. ಮೊಳಕಾಲ್ಮೂರಿನ ದೃಢೀಕರಣ, ಇ-ವೇ ಬಿಲ್, ರದ್ದುಪಡಿಸಿದ ಒಂದು ಚೆಕ್ ಲಗತ್ತಿಸಿದೆ. ಚೆಕ್ ಯಾಕೆಂದರೆ, ಸರ್ಕಾರ ಹಣ ಪಾವತಿ ಮಾಡುವ ಖಜಾನೆ-2 ತಂತ್ರಾಂಶದಲ್ಲಿ ಹಣ ಪಡೆಯುವವರ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಮೊದಲೇ ಏರಿರಬೇಕು. ಅದರಲ್ಲಿ ಒಂದಕ್ಷರ ತಪ್ಪಿದ್ದರೂ ಹಣ ಹೊರಟು ವಾಪಸು ಬರುತ್ತದೆ, ಆಮೇಲೆ ಅದು ಮತ್ತೊಂದು ಕಥೆ.

ಈ ಪತ್ರದಲ್ಲಿ ಹೊಸದಾಗಿ ಒಂದು ವಾಕ್ಯ ಸೇರಿಸಿದೆ. ‘ನಮ್ಮ ಘಟಕವು ಉದ್ಯಮ್ ನೋಂದಾಯಿತ ಸೂಕ್ಷ್ಮ ಉದ್ಯಮವಾಗಿದ್ದು, ಎಂಎಸ್‌ಎಂಇಡಿ ಕಾಯ್ದೆ 2006ರ ಕಲಂ 15 ಮತ್ತು 16 ಈ ಬಿಲ್ಲಿಗೆ ಅನ್ವಯವಾಗುವುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇವೆ.’ ಅಷ್ಟೇ, ಮುಂದೆ ವಿವರಿಸಲಿಲ್ಲ. ಇದು ಸೂಕ್ಷ್ಮ, ಸಣ್ಣ ಉದ್ಯಮಗಳಿಗಾಗಿ ಇರುವ ಕಾಯ್ದೆ. ಅದರ ಕಲಂ 15ರ ಪ್ರಕಾರ ಪಾವತಿಯ ಅವಧಿ ಒಪ್ಪಂದದಲ್ಲಿ ಬರೆದಿದ್ದರೂ ಅದು 45 ದಿನ ಮೀರುವಂತಿಲ್ಲ, ಬರೆದೇ ಇಲ್ಲದಿದ್ದರೆ 15 ದಿನ. ನಮ್ಮ ಆದೇಶದಲ್ಲಿ ಅವಧಿ ಬರೆದಿರಲಿಲ್ಲ. ದಿನ ಎಣಿಸುವುದು ಸಾಮಗ್ರಿ ಸ್ವೀಕಾರವಾದಲ್ಲಿಂದ. ಕೊಟ್ಟು 15 ದಿನದೊಳಗೆ ಬರಹದಲ್ಲಿ ಆಕ್ಷೇಪಣೆ ಬಾರದಿದ್ದರೆ, ಕೊಟ್ಟ ದಿನವೇ ಸ್ವೀಕಾರವಾಯಿತೆಂದು ಕಾಯ್ದೆ ತಿಳಿಯುತ್ತದೆ. ಮೊದಲ ಪತ್ರದಲ್ಲಿ ‘ಲಿಖಿತ ಆಕ್ಷೇಪಣೆ ಬಂದಿರುವುದಿಲ್ಲ’ ಎಂಬ ಸಾಲನ್ನು ಸೇರಿಸಿದ್ದು ಇದಕ್ಕೇ. ಕಲಂ 16 ಬಡ್ಡಿಯದು. ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಆಗ ಬ್ಯಾಂಕ್ ದರ ಶೇ. 6.75 ಇತ್ತು, ಮೂರು ಪಟ್ಟೆಂದರೆ ಶೇ. 20.25. ನಮ್ಮ ಮೊತ್ತಕ್ಕೆ ಮೊದಲ ತಿಂಗಳಿಗೇ 8,124 ರೂಪಾಯಿ ಆಗುತ್ತದೆ.

ಈ ಅನುಕೂಲ ಎಲ್ಲ ಸರಬರಾಜುದಾರರಿಗೂ ಇಲ್ಲ. ಕೊಂಡು ಮಾರುವ ವ್ಯಾಪಾರಿಗಳಿಗೂ ಈಗ ಉದ್ಯಮ್ ನೋಂದಣಿ ಸಿಗುತ್ತದೆ, ಆದರೆ ಅದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ವಿಳಂಬ ಪಾವತಿಯ ಬಡ್ಡಿ ತಯಾರಕರಿಗೆ, ಸೇವೆ ಕೊಡುವವರಿಗೆ. ಅದೂ ಸೂಕ್ಷ್ಮ, ಸಣ್ಣ ಉದ್ಯಮವಾಗಿದ್ದರೆ. ಬೇರೆಯವರ ರ್‍ಯಾಕ್ ತಂದು ಮಾರುವವರು ಈ ವಾಕ್ಯವನ್ನು ನಕಲು ಮಾಡಿ ಪ್ರಯೋಜನವಿಲ್ಲ.

‘ಬಡ್ಡಿ ಲೆಕ್ಕ ಹಾಕಿ ನೋಟಿಸ್ ಥರ ಕಳಿಸು’ ಎಂದು ಪಕ್ಕದ ಶೆಡ್ಡಿನ ಅಣ್ಣ ಹೇಳಿದ್ದರು. ನನಗೆ ಒಪ್ಪಿಗೆಯಾಗಲಿಲ್ಲ. ನೋಟಿಸಿನ ಧಾಟಿಯ ಕಾಗದ ಹೋದರೆ ಕಡತ ಲೆಕ್ಕ ಶಾಖೆಯಿಂದ ಎದ್ದು ಕಾನೂನು ಅಭಿಪ್ರಾಯಕ್ಕೆ ಹೋಗುತ್ತದೆ, ಅಲ್ಲಿಂದ ಅದು ಇಳಿಯುವುದು ಯಾವಾಗಲೋ. ಸಣ್ಣ ಉದ್ಯಮಗಳ ಬಾಕಿ ಹಣದ ದೂರಿಗೆಂದೇ ಇದ್ದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕುವ ದಾರಿ ಹೇಗೂ ತೆರೆದೇ ಇತ್ತು.

ನಾನು ನಿಜವಾಗಿ ಕಾಯುತ್ತಿದ್ದದ್ದು ಅವರ ಕಡೆಯಿಂದ ಬರಹದ ಒಂದು ಸಾಲಿಗೆ. ಮಾಲು ಕೊಟ್ಟ ಹಣಕ್ಕೆ ದಾವೆ ಹೂಡಲು ಕಾಲಮಿತಿ ಕಾಯ್ದೆಯಲ್ಲಿ ಮೂರು ವರ್ಷ. ಹಣ ಕೊಡುವ ಗಡುವು ಬರೆದಿರದಿದ್ದರೆ ಅದನ್ನು ಮಾಲು ಕೊಟ್ಟ ದಿನದಿಂದ ಎಣಿಸುತ್ತಾರೆ. ನಾವು ಎಷ್ಟು ನೆನಪೋಲೆ ಬರೆದರೂ ಆ ಮೂರು ವರ್ಷ ಒಂದು ದಿನವೂ ಹಿಗ್ಗುವುದಿಲ್ಲ. ಅವಧಿ ಮುಗಿಯುವ ಮೊದಲು ಹಣ ಕೊಡಬೇಕಾದವರು ‘ಹೌದು, ಬಾಕಿ ಇದೆ’ ಎಂದು ಬರೆದು ಸಹಿ ಮಾಡಿದರೆ ಮಾತ್ರ ಆ ದಿನದಿಂದ ಹೊಸ ಮೂರು ವರ್ಷ ಶುರುವಾಗುತ್ತದೆ. ಅದು ಅದೇ ಕಾಯ್ದೆಯ ಕಲಂ 18. ನನಗೆ ಗೊತ್ತಿರುವ ಹಿರಿಯ ಸರಬರಾಜುದಾರರೊಬ್ಬರ ಹತ್ತಿರ ನೆನಪೋಲೆಗಳದ್ದೇ ಒಂದು ದಪ್ಪ ಕಡತ ಇದೆ. ಎಲ್ಲದರ ಮೇಲೂ ಸೀಲು, ಎಲ್ಲವೂ ಅವರು ಬರೆದವೇ. ಕಚೇರಿಯ ಒಂದು ಉತ್ತರವೂ ಅದರಲ್ಲಿಲ್ಲ. ವಕೀಲರು ಅದನ್ನು ತಿರುವಿ ನೋಡಿ ಸುಮ್ಮನೆ ಮುಚ್ಚಿಟ್ಟರಂತೆ. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕೆಂಬುದು ಬೇರೆ ಇದೆ. ಬಾಕಿ ಒಪ್ಪಿಕೊಂಡ ಆ ಒಂದು ಸಾಲು ಬೇಕಿದ್ದದ್ದಕ್ಕೇ ನನ್ನ ಪತ್ರದ ಕೊನೆಯಲ್ಲಿ ಪಾವತಿಯ ಕೋರಿಕೆಯ ಜೊತೆ ‘ಕಾರಣ ಲಿಖಿತವಾಗಿ ತಿಳಿಸಿ’ ಎಂಬುದನ್ನು ಬಿಡದೆ ಹಾಕಿದ್ದು. ಉತ್ತರ ಬರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ಕಡತದ ಟಿಪ್ಪಣಿ ಹಾಳೆಯ ನಕಲು ಕೇಳುವುದೆಂದು ಅರ್ಜಿಯನ್ನೂ ಬರೆದಿಟ್ಟಿದ್ದೆ.

ಅದು ಬೇಕಾಗಲಿಲ್ಲ. ಆಗಸ್ಟ್ 2ರ ದಿನಾಂಕದ ಉತ್ತರ ಬಂತು. ‘ಉಲ್ಲೇಖಿತ ಪತ್ರಗಳಲ್ಲಿ ಕೋರಿರುವ ರೂ. 4,81,440ರ ಬಿಲ್ಲು ಪಾವತಿಗೆ ಬಾಕಿ ಇದ್ದು, ಅನುದಾನ ಬಿಡುಗಡೆಯಾದ ಕೂಡಲೇ ಕ್ರಮ ವಹಿಸಲಾಗುವುದು.’ ಕೆಳಗೆ ಅಧಿಕಾರಿಯ ಸಹಿ, ಮೊಹರು. ನೋಡಿದವರು ‘ಇದೇನ್ರೀ, ದುಡ್ಡು ಕೊಡ್ತೀವಿ ಅಂತ ದಿನಾನೂ ಹೇಳಿಲ್ಲ’ ಅಂದರು. ನನಗೆ ಮೊತ್ತವೂ ‘ಬಾಕಿ ಇದ್ದು’ ಎಂಬ ಮಾತೂ ಸಹಿಯೂ ಒಂದೇ ಹಾಳೆಯಲ್ಲಿ ಬಂದದ್ದೇ ದೊಡ್ಡದಾಗಿತ್ತು. ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ವರ್ಕ್ ಆರ್ಡರ್ ಜೊತೆ ಇಟ್ಟೆ.

ಹಣ ಅಕ್ಟೋಬರಿನಲ್ಲಿ ಖಾತೆಗೆ ಬಂತು, 4,73,280. ನಮ್ಮ ಲೆಕ್ಕಕ್ಕಿಂತ 8,160 ಕಡಿಮೆ. ಅದು ಯಾರೂ ನುಂಗಿದ್ದಲ್ಲ. ತೆರಿಗೆ ಬಿಟ್ಟು ಆದೇಶದ ಮೊತ್ತ ಎರಡೂವರೆ ಲಕ್ಷ ದಾಟಿದರೆ ಸರ್ಕಾರಿ ಕಚೇರಿ ಶೇ. 2 ಜಿಎಸ್‌ಟಿ ಟಿಡಿಎಸ್ ಹಿಡಿಯಬೇಕು. ನಮ್ಮ ಮೂಲ ಮೊತ್ತ 4,08,000, ಅದರ ಶೇ. 2 ಅಂದರೆ 8,160. ಬಡ್ಡಿಯನ್ನು ನಾನು ಕೇಳಲಿಲ್ಲ. ಕೇಳುವ ಹಕ್ಕು ಇತ್ತು, ಆದರೆ ಆ ಕಚೇರಿಗೆ ಮತ್ತೆ ಮಾಲು ಕೊಡುವ ಆಸೆಯೂ ಇತ್ತು, ಎರಡನ್ನೂ ತೂಗಿ ಬಿಟ್ಟೆ. ಮೊತ್ತ ಇನ್ನೂ ದೊಡ್ಡದಿದ್ದಿದ್ದರೆ ಬಿಡುತ್ತಿರಲಿಲ್ಲವೇನೋ.

ಹಿಡಿದ 8,160 ತಾನಾಗಿ ನಮಗೆ ಬರುವುದಿಲ್ಲ. ಕಚೇರಿಯವರು ಮುಂದಿನ ತಿಂಗಳು 10ರೊಳಗೆ ಜಿಎಸ್‌ಟಿಆರ್-7 ಎಂಬ ರಿಟರ್ನ್ ಸಲ್ಲಿಸಬೇಕು, ಆಗ ನಮ್ಮ ಜಿಎಸ್‌ಟಿ ಪೋರ್ಟಲ್‌ನ TDS and TCS credit received ಎಂಬಲ್ಲಿ ಅದು ಕಾಣುತ್ತದೆ. ನವೆಂಬರ್ 10 ದಾಟಿದರೂ ಅಲ್ಲಿ ಏನೂ ಇರಲಿಲ್ಲ. ಮತ್ತೊಂದು ಕಾಗದ ಬರೆದೆ. ಈ ಸಲ ಅರ್ಧ ಪುಟ. ಕಾರ್ಯಾದೇಶ ಸಂಖ್ಯೆ, ಹಣ ಜಮೆಯಾದ ದಿನಾಂಕ, ಹಿಡಿದ ಮೊತ್ತ, ನಮ್ಮ ಜಿಎಸ್‌ಟಿ ಸಂಖ್ಯೆ ಬರೆದು, ರಿಟರ್ನ್ ಸಲ್ಲಿಸಲು ಕೋರಿ ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡೆ. ಟಪಾಲಿನ ಅಣ್ಣ ಈ ಸಲ ಕೇಳುವ ಮೊದಲೇ ಸೀಲು ಒತ್ತಿದರು. ಡಿಸೆಂಬರಿನಲ್ಲಿ ಪೋರ್ಟಲ್‌ನಲ್ಲಿ ಮೊತ್ತ ಕಂಡಿತು. ಒಪ್ಪಿಗೆ ಒತ್ತಿ ಫೈಲ್ ಮಾಡಿದ ಮೇಲೆ ನಮ್ಮ ನಗದು ಲೆಜರಿಗೆ ಜಮೆಯಾಯಿತು, ಆ ತಿಂಗಳ ತೆರಿಗೆಗೆ ಅದನ್ನೇ ಹೊಂದಿಸಿದೆ.